ಗರ್ಭಿಣಿಯ ಸಕ್ಕರೆ ಕಾಯಿಲೆ: ಆಸ್ಪತ್ರೆಯ ಆಹಾರ ಪಟ್ಟಿಯನ್ನು ಜೈನ ಅಡುಗೆಮನೆಗೆ ಹೊಂದಿಸಿಕೊಳ್ಳುವುದು ಹೇಗೆ?

ಆರೇಳು ತಿಂಗಳ ಗರ್ಭಿಣಿಗೆ ಆಸ್ಪತ್ರೆಯಲ್ಲಿ 75 ಗ್ರಾಂ ಗ್ಲೂಕೋಸ್ ನೀರು ಕುಡಿಸಿ ಎರಡು ಗಂಟೆಯ ನಂತರ ರಕ್ತ ಪರೀಕ್ಷೆ ಮಾಡುತ್ತಾರೆ. ಸರ್ಕಾರಿ ಮಾರ್ಗಸೂಚಿಯ ಪ್ರಕಾರ 140 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಗರ್ಭಾವಸ್ಥೆಯ ಮಧುಮೇಹ ಎಂದು ಹೇಳುತ್ತಾರೆ. ಆಗ ಕೈಗೆ ಒಂದು ಆಹಾರ ಪಟ್ಟಿ ಕೊಡುತ್ತಾರೆ. ಅದರಲ್ಲಿ ಬೇಯಿಸಿದ ಮೊಟ್ಟೆ, ಕ್ಯಾರೆಟ್ ಸಲಾಡ್, ಮೊಳಕೆ ಕಾಳು, ರಾತ್ರಿ ಎಂಟೂವರೆಗೆ ಊಟ, ಮಲಗುವ ಮುಂಚೆ ಹಾಲು ಎಂದೆಲ್ಲ ಇರುತ್ತದೆ. ಕಂದಮೂಲ ತಿನ್ನದ, ಸೂರ್ಯಾಸ್ತದ ನಂತರ ಉಣ್ಣದ ಮನೆಯಲ್ಲಿ ಆ ಪಟ್ಟಿ ಫ್ರಿಜ್ಜಿನ ಬಾಗಿಲಿಗೆ ಅಂಟಿಕೊಂಡೇ ಉಳಿಯುತ್ತದೆ. ಪಟ್ಟಿಯಿಂದ ಮೊಟ್ಟೆ, ಕ್ಯಾರೆಟ್ ತೆಗೆದುಬಿಟ್ಟು ಉಳಿದದ್ದನ್ನು ಅನುಸರಿಸಿದರೆ ಆಯಿತು ಎಂದು ಹಲವರು ತಿಳಿಯುತ್ತಾರೆ. ಹಾಗೆ ಮಾಡಿದರೆ ತಟ್ಟೆಯಲ್ಲಿ ಕೊನೆಗೆ ಉಳಿಯುವುದು ಅನ್ನ, ರೊಟ್ಟಿ ಮಾತ್ರ.

ತೆಗೆದ ಜಾಗಕ್ಕೆ ಏನು ಬರಬೇಕು ಎಂಬುದೇ ಮುಖ್ಯ. ಆಲೂಗಡ್ಡೆ ಇಲ್ಲದಿರುವುದು ಇಲ್ಲಿ ಅನುಕೂಲವೇ. ಆದರೆ ಅದರ ಬದಲು ಹಾಕುವ ಬಾಳೆಕಾಯಿಯೂ ಪಿಷ್ಟವೇ, ಅದನ್ನು ಪಲ್ಯದ ಲೆಕ್ಕಕ್ಕೆ ಹಿಡಿಯಬಾರದು. ಪಲ್ಯಕ್ಕೆ ಹೀರೇಕಾಯಿ, ಸೋರೆಕಾಯಿ, ತೊಂಡೆಕಾಯಿ, ಹಾಗಲಕಾಯಿ, ಬೆಂಡೆಕಾಯಿ, ಚವಳಿಕಾಯಿ ಒಳ್ಳೆಯವು. ಮೊಟ್ಟೆಯ ಜಾಗಕ್ಕೆ ಹೆಸರುಬೇಳೆ, ತೊಗರಿಬೇಳೆ, ಪನೀರ್, ಹಾಲು, ಮಜ್ಜಿಗೆ, ಶೇಂಗಾ, ಎಳ್ಳು ಬರಬೇಕು. ಮೊಳಕೆ ಬೇಡವಾದವರು ನೆನೆಸಿದ ಕಾಳನ್ನು ಮೊಳಕೆ ಬರುವ ಮುಂಚೆಯೇ ಬೇಯಿಸಿ ಉಸುಳಿ ಮಾಡಿಕೊಳ್ಳಬಹುದು. ದ್ವಿದಳ ದೋಷ ನೋಡುವ ಮನೆಗಳಲ್ಲಿ ಬೇಳೆಯ ಜೊತೆ ಮೊಸರು ಬರುವುದಿಲ್ಲ. ಅಂಥವರು ಬೇಳೆಯನ್ನು ಊಟಕ್ಕೂ ಮಜ್ಜಿಗೆಯನ್ನು ಬೆಳಗಿನ ಹತ್ತೂವರೆಗೂ ಇಟ್ಟುಕೊಂಡರೆ ಎರಡೂ ಸಿಗುತ್ತವೆ.

ಅನ್ನ, ರೊಟ್ಟಿಯನ್ನು ಪೂರ್ತಿ ಬಿಡಿಸುವುದೂ ತಪ್ಪು. ಗರ್ಭಿಣಿಗೆ ದಿನಕ್ಕೆ ಕನಿಷ್ಠ 175 ಗ್ರಾಂ ಕಾರ್ಬೋಹೈಡ್ರೇಟ್ ಬೇಕು. ಅದನ್ನು ಮೂರು ಊಟ, ಎರಡು ಮೂರು ಉಪಾಹಾರಗಳಿಗೆ ಹಂಚಬೇಕು, ಒಂದೇ ಸಲ ಸುರಿಯಬಾರದು. ಒಂದು ತೆಳು ಫುಲ್ಕದಲ್ಲಿ ಸುಮಾರು 15 ಗ್ರಾಂ ಇರುತ್ತದೆ. ದೊಡ್ಡ ಜೋಳದ ರೊಟ್ಟಿ ಒಂದೇ ಎರಡು ಫುಲ್ಕಕ್ಕೆ ಸಮ. ಜೋಳದ್ದು ಎಂದು ಎಣಿಸದೆ ತಿನ್ನುವ ರೂಢಿ ಉತ್ತರ ಕರ್ನಾಟಕದ ಮನೆಗಳಲ್ಲಿದೆ. ರಾಗಿಯೂ ಹಾಗೆಯೇ. ರಾಗಿ ರೊಟ್ಟಿ ಸರಿ, ಆದರೆ ನುಣ್ಣಗೆ ಕುದಿಸಿದ ರಾಗಿ ಗಂಜಿ ಸಕ್ಕರೆಯನ್ನು ಬೇಗ ಏರಿಸುತ್ತದೆ. ಜೇನು ಹೇಗೂ ವರ್ಜ್ಯ, ಅದರ ಬದಲು ಬೆಲ್ಲ ಹಾಕಿದರೆ ಲಾಭವಿಲ್ಲ.

ಇನ್ನು ಪರೀಕ್ಷೆಯ ಸಮಯ. ಬೆಳಿಗ್ಗೆ ಏನೂ ತಿನ್ನುವ ಮುಂಚೆ ಒಮ್ಮೆ, ಆಮೇಲೆ ಮೂರೂ ಊಟಗಳ ನಂತರ ಒಂದೊಂದು ಸಲ. ಖಾಲಿ ಹೊಟ್ಟೆಯದು 95ಕ್ಕಿಂತ ಕಡಿಮೆ, ಊಟದ ಒಂದು ಗಂಟೆಗೆ 140ಕ್ಕಿಂತ ಕಡಿಮೆ, ಎರಡು ಗಂಟೆಗೆ 120ಕ್ಕಿಂತ ಕಡಿಮೆ ಇರಬೇಕು. ಒಂದು ಗಂಟೆಯೋ ಎರಡು ಗಂಟೆಯೋ ಎಂದು ವೈದ್ಯರನ್ನು ಕೇಳಿ ಒಂದನ್ನೇ ಹಿಡಿಯಬೇಕು. ಗಂಟೆಯನ್ನು ಎಣಿಸುವುದು ಮೊದಲ ತುತ್ತಿನಿಂದ, ಕೈ ತೊಳೆದ ಹೊತ್ತಿನಿಂದಲ್ಲ. ನಡುವೆ ಬಾಯಿಗೆ ಏನೂ ಹಾಕಬಾರದು, ಮಧ್ಯಾಹ್ನದ ಉಪಾಹಾರ ಪರೀಕ್ಷೆ ಮುಗಿದ ಮೇಲೆಯೇ. ಬೆರಳು ಚುಚ್ಚುವ ಮುಂಚೆ ಸೋಪಿನಿಂದ ಕೈ ತೊಳೆದು ಒರೆಸಿಕೊಳ್ಳಬೇಕು. ಹಣ್ಣು ಹೆಚ್ಚಿದ ಕೈಯಲ್ಲಿ ನೋಡಿದರೆ ಇಲ್ಲದ ಸಕ್ಕರೆ ಮೀಟರಿನಲ್ಲಿ ಕಾಣುತ್ತದೆ.

ಉದಾಹರಣೆಗೆ ಹುಬ್ಬಳ್ಳಿಯ ಒಂದು ಮನೆಯನ್ನು ಇಟ್ಟುಕೊಳ್ಳೋಣ. ಸೊಸೆಗೆ ಏಳನೇ ತಿಂಗಳು, ಎರಡು ಗಂಟೆಯ ಲೆಕ್ಕ. ಖಾಲಿ ಹೊಟ್ಟೆಯಲ್ಲಿ 86. ಎಂಟಕ್ಕೆ ನಾಲ್ಕು ಇಡ್ಲಿ, ಸಾಂಬಾರು, ಎರಡು ಚಮಚ ಸಕ್ಕರೆಯ ಚಹಾ. ಹತ್ತಕ್ಕೆ ನೋಡಿದರೆ 158. ಮಧ್ಯಾಹ್ನ ಹನ್ನೆರಡೂವರೆಗೆ ಎರಡು ಫುಲ್ಕ, ಒಂದು ಬಟ್ಟಲು ಅನ್ನ, ಬೇಳೆ, ಹೀರೇಕಾಯಿ ಪಲ್ಯ, ಎರಡೂವರೆಗೆ 112. ಸಂಜೆ ಆರಕ್ಕೆ ಊಟ, ಎಂಟಕ್ಕೆ 131.

ಬೆಳಗಿನದು ಅಚ್ಚರಿಯಲ್ಲ. ಗರ್ಭದ ಹಾರ್ಮೋನುಗಳಿಂದ ಇನ್ಸುಲಿನ್ ಕೆಲಸ ಬೆಳಿಗ್ಗೆ ಹೆಚ್ಚು ಮಂದವಾಗಿರುತ್ತದೆ, ಆದ್ದರಿಂದ ಮಧ್ಯಾಹ್ನ ತಡೆಯುವಷ್ಟು ಪಿಷ್ಟ ಬೆಳಿಗ್ಗೆ ತಡೆಯುವುದಿಲ್ಲ. ಇಡ್ಲಿಯ ಬದಲು ಸಿಪ್ಪೆಯ ಹೆಸರುಬೇಳೆ ನೆನೆಸಿ ರುಬ್ಬಿದ ಎರಡು ದೋಸೆ, ಕಾಯಿ ಚಟ್ನಿ, ಸಕ್ಕರೆ ಇಲ್ಲದ ಚಹಾ ಕೊಟ್ಟರು. ಹತ್ತರ ಪರೀಕ್ಷೆ ಆದ ಮೇಲೆ ಮಜ್ಜಿಗೆ, ಒಂದು ಹಿಡಿ ಶೇಂಗಾ. ನಾಲ್ಕನೆಯ ದಿನ 114 ಬಂತು.

ಸಂಜೆಯದು ನಮ್ಮ ಮನೆಗಳದೇ ಸಮಸ್ಯೆ. ಇನ್ನು ಬೆಳಗಿನವರೆಗೆ ಏನೂ ಇಲ್ಲ, ಬಸುರಿ ಹಸಿದಿರಬಾರದು ಎಂದು ಅತ್ತೆ ಪ್ರೀತಿಯಿಂದಲೇ ಎರಡು ರೊಟ್ಟಿ, ಮೇಲೆ ಅನ್ನ, ಒಂದು ಬಾಳೆಹಣ್ಣು ಬಡಿಸುತ್ತಿದ್ದರು. 131 ಆ ಪ್ರೀತಿಯ ಲೆಕ್ಕ. ಅದನ್ನೇ ಎರಡು ಭಾಗ ಮಾಡಿದರು. ಐದೂವರೆಗೆ ಒಂದು ರೊಟ್ಟಿ, ಪನೀರ್, ಪಲ್ಯ. ಸೂರ್ಯಾಸ್ತಕ್ಕೆ ಸ್ವಲ್ಪ ಮುಂಚೆ ಸಕ್ಕರೆ ಇಲ್ಲದ ಒಂದು ಲೋಟ ಹಾಲು, ನಾಲ್ಕು ಬಾದಾಮಿ. ಆಮೇಲೆ ಅಂಗಳದಲ್ಲಿ ಹತ್ತು ನಿಮಿಷ ನಡಿಗೆ. ಏಳೂವರೆಗೆ 116.

ಆದರೂ ಸಂಜೆ ಆರರಿಂದ ಬೆಳಿಗ್ಗೆ ಎಂಟರವರೆಗೆ ಹದಿನಾಲ್ಕು ಗಂಟೆ ಉಪವಾಸ ಗರ್ಭಿಣಿಗೆ ಉದ್ದವೇ. ಅಷ್ಟು ಹೊತ್ತಿನಲ್ಲಿ ದೇಹ ಕೊಬ್ಬು ಕರಗಿಸಿ ಕೀಟೋನ್ ಹೊರಡಿಸುತ್ತದೆ, ಅದು ಮೂತ್ರ ಪರೀಕ್ಷೆಯಲ್ಲಿ ಕಾಣುತ್ತದೆ. ರಾತ್ರಿ ಆಹಾರ ತ್ಯಾಗವಿದೆ ಎಂಬುದನ್ನು ವೈದ್ಯರಿಗೆ ಮೊದಲ ದಿನವೇ ಹೇಳಬೇಕು, ಹೇಳದೆ ಪಟ್ಟಿ ತಂದರೆ ಅವರು ರಾತ್ರಿ ಹಾಲು ಕುಡಿಯುತ್ತಾಳೆ ಎಂದೇ ಲೆಕ್ಕ ಹಾಕಿರುತ್ತಾರೆ. ಕೀಟೋನ್ ಬಂದರೆ ರಾತ್ರಿ ಏನಾದರೂ ತಿನ್ನಲೇಬೇಕಾಗಬಹುದು. ಬೆಳಗಿನ ತಿಂಡಿಯನ್ನು ಸೂರ್ಯೋದಯವಾದ ಕೂಡಲೇ ಕೊಟ್ಟರೆ ಒಂದು ಗಂಟೆಯಾದರೂ ಉಳಿಯುತ್ತದೆ. ಉಪವಾಸ, ಏಕಾಶನ ಈ ಅವಧಿಯಲ್ಲಿ ಬೇಡ. ಒಂದೇ ಹೊತ್ತು ಉಂಡರೆ ಆ ಹೊತ್ತಿಗೆ ಸಕ್ಕರೆ ಏರಿ, ಉಳಿದ ಹೊತ್ತು ಕೀಟೋನ್ ಏರುತ್ತದೆ.

ಅಷ್ಟಮಿ, ಚತುರ್ದಶಿಗಳಂದು ಹಸಿರು ತರಕಾರಿ ಬಿಡುವವರ ಮೀಟರಿನಲ್ಲಿ ಆ ದಿನಗಳು ಬೇರೆಯೇ ಕಾಣುತ್ತವೆ. ಪಲ್ಯದ ಜಾಗ ಅನ್ನಕ್ಕೆ ಹೋಗುವುದೇ ಕಾರಣ. ರೊಟ್ಟಿ, ಅನ್ನದ ಅಳತೆ ಅಷ್ಟೇ ಇಟ್ಟು, ಗಟ್ಟಿ ಬೇಳೆ, ಕಾಳಿನ ಉಸುಳಿ, ಶೇಂಗಾ ಚಟ್ನಿಪುಡಿ ಹೆಚ್ಚಿಸಬೇಕು.

ಎರಡು ವಾರ ಹೀಗೆ ನಡೆಸಿದ ಮೇಲೂ ಅಂಕಿ ಇಳಿಯದಿದ್ದರೆ ಮಾತ್ರೆ ಅಥವಾ ಇನ್ಸುಲಿನ್ ಬೇಕಾಗುತ್ತದೆ. ಅದು ಅಡುಗೆಯ ಸೋಲಲ್ಲ, ಕೆಲವರ ದೇಹಕ್ಕೆ ಆಹಾರ ಮಾತ್ರ ಸಾಲುವುದಿಲ್ಲ. ಆದರೆ ಇನ್ಸುಲಿನ್ ಶುರುವಾದ ಮೇಲೆ ರಾತ್ರಿಯ ಖಾಲಿ ಹೊಟ್ಟೆ ಅಪಾಯದ್ದು. ಬೆವರು, ಕೈ ನಡುಕ, ತಲೆ ಸುತ್ತು ಬಂದು ಮೀಟರು 70ಕ್ಕಿಂತ ಕಡಿಮೆ ತೋರಿಸಿದರೆ ಕೂಡಲೇ ಮೂರು ಚಮಚ ಸಕ್ಕರೆ ನೀರಿನಲ್ಲಿ ಕದಡಿ ಕುಡಿಸಿ, ಹದಿನೈದು ನಿಮಿಷಕ್ಕೆ ಮತ್ತೆ ನೋಡಬೇಕು. ನಡುರಾತ್ರಿ ಎರಡಕ್ಕೆ ಕುಡಿಸಬಹುದೋ ಬಾರದೋ ಎಂಬ ಚರ್ಚೆ ಆಗ ಮನೆಯಲ್ಲಿ ಏಳಬಾರದು, ಮೊದಲೇ ಮಾತಾಡಿ ಮುಗಿಸಿರಬೇಕು. ಅದು ಊಟವಲ್ಲ, ಔಷಧ.

ಹೆರಿಗೆಯಾದ ಮೇಲೆ ಸಾಮಾನ್ಯವಾಗಿ ಸಕ್ಕರೆ ಇಳಿಯುತ್ತದೆ. ಬಾಣಂತನದ ಅಂಟಿನುಂಡೆಯ ಗಡಿಬಿಡಿಯಲ್ಲಿ ಮರೆತುಹೋಗುವುದು ಆರನೇ ವಾರದ ಪರೀಕ್ಷೆ. ಅದೇ 75 ಗ್ರಾಂ ಗ್ಲೂಕೋಸ್ ಕುಡಿದು ಮತ್ತೊಮ್ಮೆ ನೋಡಿಸಬೇಕು, ತಾಯಿ ಕಾರ್ಡಿನಲ್ಲಿ ಆ ದಿನಾಂಕವನ್ನು ಆಸ್ಪತ್ರೆಯಿಂದ ಹೊರಡುವ ಮುಂಚೆಯೇ ಬರೆಸಿಕೊಳ್ಳಿ.