ಸರಾಸರಿಯ ಕಂಬದ ಹಿಂದೆ ಅಡಗಿದ ರೋಗಿ

ಒಂದೇ ಶಸ್ತ್ರಚಿಕಿತ್ಸೆಯನ್ನು ಎರಡು ವಿಧಾನಗಳಲ್ಲಿ ಮಾಡಿದ್ದಾರೆ ಎಂದಿಟ್ಟುಕೊಳ್ಳಿ. ಹಳೆಯ ವಿಧಾನಕ್ಕೆ ಹನ್ನೊಂದು ರೋಗಿಗಳು, ಹೊಸದಕ್ಕೂ ಹನ್ನೊಂದು. ಅವರು ಆಸ್ಪತ್ರೆಯಲ್ಲಿ ಉಳಿದ ದಿನಗಳ ಲೆಕ್ಕ ಹೀಗಿದೆ:

ಹಳೆಯದು: 3, 4, 4, 5, 5, 5, 6, 6, 7, 7, 8
ಹೊಸದು: 3, 3, 3, 4, 4, 4, 4, 5, 5, 5, 20

ಕೂಡಿ ನೋಡಿದರೆ ಎರಡೂ ಕಡೆ 60 ದಿನ. ಸರಾಸರಿ ಸುಮಾರು ಐದೂವರೆ. ಇದನ್ನು ಬಾರ್ ಚಾರ್ಟ್‌ನಲ್ಲಿ ಬರೆದರೆ ಪಕ್ಕಪಕ್ಕದಲ್ಲಿ ಒಂದೇ ಎತ್ತರದ ಎರಡು ಕಂಬಗಳು ನಿಲ್ಲುತ್ತವೆ. ಹೊಸ ವಿಧಾನದಿಂದ ಏನೂ ಲಾಭವಿಲ್ಲ ಎಂದು ನೋಡಿದವರು ಪುಟ ತಿರುಗಿಸುತ್ತಾರೆ. ಆದರೆ ಅಂಕಿಗಳನ್ನು ಮತ್ತೊಮ್ಮೆ ಓದಿ. ಹೊಸ ವಿಧಾನದಲ್ಲಿ ಹತ್ತು ಮಂದಿ ಐದು ದಿನದೊಳಗೆ ಮನೆಗೆ ಹೋಗಿದ್ದಾರೆ. ಒಬ್ಬರು ಮಾತ್ರ ಇಪ್ಪತ್ತು ದಿನ ಉಳಿದಿದ್ದಾರೆ. ಸರಾಸರಿಯನ್ನು ಮೇಲಕ್ಕೆ ಎಳೆದದ್ದು ಅವರೊಬ್ಬರೇ.

ಇಂಥ ಕಡೆ ಬೇಕಾದದ್ದು ಬಾಕ್ಸ್ ಪ್ಲಾಟ್. ಅಮೆರಿಕದ ಸಂಖ್ಯಾಶಾಸ್ತ್ರಜ್ಞ ಜಾನ್ ಟ್ಯೂಕಿ 1977ರ ತಮ್ಮ ಪುಸ್ತಕದ ಮೂಲಕ ಬಳಕೆಗೆ ತಂದ ಚಿತ್ರ ಇದು. ಅಂಕಿಗಳನ್ನು ಸಣ್ಣದರಿಂದ ದೊಡ್ಡದಕ್ಕೆ ಜೋಡಿಸಿ, ನಟ್ಟನಡುವಿನ ಅರ್ಧದಷ್ಟನ್ನು ಪೆಟ್ಟಿಗೆಯೊಳಗೆ ಇಡುತ್ತಾರೆ. ಒಳಗಿನ ಗೆರೆ ಮಧ್ಯಾಂಕ, ಅಂದರೆ ಸಾಲಿನ ನಡುವೆ ನಿಂತ ರೋಗಿಯ ಅಂಕಿ. ನಮ್ಮ ಲೆಕ್ಕದಲ್ಲಿ ಹಳೆಯ ವಿಧಾನದ ಪೆಟ್ಟಿಗೆ 4ರಿಂದ 7ರವರೆಗೆ, ಗೆರೆ 5ರಲ್ಲಿ. ಹೊಸದರ ಪೆಟ್ಟಿಗೆ 3ರಿಂದ 5ರವರೆಗೆ, ಗೆರೆ 4ರಲ್ಲಿ. ತಂತ್ರಾಂಶ ಬದಲಾದರೆ ಪೆಟ್ಟಿಗೆಯ ಅಂಚು ಅರ್ಧ ದಿನ ಅತ್ತಿತ್ತ ಆಗಬಹುದು, ಚಿತ್ರದ ಅರ್ಥ ಬದಲಾಗದು. ಪೆಟ್ಟಿಗೆಯ ಉದ್ದದ ಒಂದೂವರೆ ಪಟ್ಟಿಗಿಂತ ಆಚೆ ಬಿದ್ದ ಅಂಕಿಯನ್ನು ಒಂಟಿ ಚುಕ್ಕಿಯಾಗಿ ತೋರಿಸುವುದು ರೂಢಿ. ಹೊಸ ವಿಧಾನದಲ್ಲಿ ಪೆಟ್ಟಿಗೆಯ ಉದ್ದ 2. 5ಕ್ಕೆ 3 ಸೇರಿಸಿದರೆ 8. ಇಪ್ಪತ್ತು ದಿನದ ರೋಗಿ ಅದರಾಚೆ ಚುಕ್ಕಿಯಾಗಿ ಕಾಣುತ್ತಾರೆ. ಆ ಚುಕ್ಕಿಯನ್ನು ಅಳಿಸಿಹಾಕುವುದಲ್ಲ. ಸೋಂಕಾಯಿತೇ, ಬರೆದುಕೊಳ್ಳುವಾಗ 2ರ ಮುಂದೆ ಸೊನ್ನೆ ಹೆಚ್ಚಾಯಿತೇ ಎಂದು ಕೇಸ್ ಶೀಟ್ ತೆಗೆದು ನೋಡಬೇಕು.

ಪೆಟ್ಟಿಗೆಗೂ ಮಿತಿಯಿದೆ. ಐದಾರು ರೋಗಿಗಳಷ್ಟೇ ಇದ್ದರೆ ಪೆಟ್ಟಿಗೆ ಇಲ್ಲದ ಗಾಂಭೀರ್ಯ ಕೊಡುತ್ತದೆ. ಆಗ ಒಬ್ಬೊಬ್ಬರಿಗೂ ಒಂದು ಚುಕ್ಕಿ ಇಟ್ಟರೆ ಸಾಕು. ರೋಗಿಗಳು ಬೇಗ ಗುಣವಾದವರು, ತಡವಾಗಿ ಗುಣವಾದವರು ಎಂದು ಎರಡು ಗುಂಪಾಗಿ ಒಡೆದಿದ್ದರೂ ಪೆಟ್ಟಿಗೆ ಅದನ್ನು ಹೇಳುವುದಿಲ್ಲ.

ಹಾಗಾದರೆ ಬಾರ್ ಯಾವಾಗ? ಎಣಿಕೆಗೆ ಮತ್ತು ಶೇಕಡಾ ಲೆಕ್ಕಕ್ಕೆ. ನೂರರಲ್ಲಿ ಎಷ್ಟು ಮಂದಿಗೆ ವಾಂತಿಯಾಯಿತು, ಎಷ್ಟು ಮಂದಿ ಗುಣವಾದರು ಎನ್ನುವಂಥದ್ದಕ್ಕೆ. ಇಲ್ಲಿ ಕಣ್ಣು ಅಳೆಯುವುದು ಕಂಬದ ಉದ್ದವನ್ನು, ಆದ್ದರಿಂದ ಅಕ್ಷ ಸೊನ್ನೆಯಿಂದಲೇ ಹೊರಡಬೇಕು. ಒಂದು ಔಷಧಿಯಿಂದ ಶೇ. 92, ಇನ್ನೊಂದರಿಂದ ಶೇ. 95 ಮಂದಿ ಗುಣವಾಗಿದ್ದಾರೆ ಎನ್ನೋಣ. ಅಕ್ಷವನ್ನು 90ರಿಂದ ಶುರುಮಾಡಿದರೆ ಮೊದಲ ಕಂಬದ ಎತ್ತರ 2, ಎರಡನೆಯದು 5. ಮೂರು ಅಂಶದ ವ್ಯತ್ಯಾಸ ಕಣ್ಣಿಗೆ ಎರಡೂವರೆ ಪಟ್ಟಾಗಿ ಕಾಣುತ್ತದೆ. ಮಾರಾಟದ ಕರಪತ್ರ ಕೈಗೆ ಬಂದಾಗ ಕಂಬದ ಬುಡದಲ್ಲಿ ಯಾವ ಅಂಕಿಯಿದೆ ಎಂದು ಮೊದಲು ನೋಡುವುದು ಇದಕ್ಕೇ.

ಸೊನ್ನೆಯ ನಿಯಮ ಲೈನ್ ಗ್ರಾಫಿಗೆ ಅನ್ವಯಿಸದು. ಜ್ವರದ ಚಾರ್ಟನ್ನು ಸೊನ್ನೆ ಡಿಗ್ರಿಯಿಂದ ಬರೆದರೆ 37 ಮತ್ತು 39 ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿ ಕಂಡು, ಜ್ವರವೇ ಮಾಯವಾಗುತ್ತದೆ. 35ರಿಂದ ಆರಂಭಿಸುವುದೇ ಸರಿ. ಇಲ್ಲಿ ಕಣ್ಣು ನೋಡುವುದು ಗೆರೆಯ ಏರಿಳಿತವನ್ನು, ಅದರ ಪ್ರಾಣ ಇರುವುದು ಕಾಲದ ಅಕ್ಷದಲ್ಲಿ. 2, 4, 12, 24ನೇ ವಾರಗಳಲ್ಲಿ ರಕ್ತದೊತ್ತಡ ಅಳೆದು ನಾಲ್ಕನ್ನೂ ಸಮ ಅಂತರದಲ್ಲಿ ಇಟ್ಟರೆ, ಎರಡು ವಾರದ ಇಳಿಕೆಯೂ ಹನ್ನೆರಡು ವಾರದ ಇಳಿಕೆಯೂ ಒಂದೇ ವೇಗದ್ದೆಂದು ಭ್ರಮೆಯಾಗುತ್ತದೆ. ಪ್ರತಿ ವಾರದ ಕೆಳಗೆ ಎಷ್ಟು ರೋಗಿಗಳು ಉಳಿದಿದ್ದರು ಎಂದೂ ಬರೆಯಬೇಕು. ಔಷಧಿ ಒಗ್ಗದವರು ನಡುವೆ ಬಿಟ್ಟುಹೋಗಿದ್ದರೆ, ಗೆರೆ ಇಳಿದದ್ದು ಔಷಧಿಯಿಂದಲೇ ಎಂದು ಹೇಳಲಾಗದು.

ಕಾಲದ ಅಕ್ಷ ಕೆಟ್ಟರೆ ಏನಾಗುತ್ತದೆ ಎಂಬುದಕ್ಕೆ 2020ರ ಮೇ ತಿಂಗಳಲ್ಲಿ ಅಮೆರಿಕದ ಜಾರ್ಜಿಯಾ ರಾಜ್ಯದ ಆರೋಗ್ಯ ಇಲಾಖೆ ಪ್ರಕಟಿಸಿದ ಕೋವಿಡ್ ಚಿತ್ರವೇ ಸಾಕ್ಷಿ. ಅದರಲ್ಲಿ ಕಂಬಗಳು ಎಡದಿಂದ ಬಲಕ್ಕೆ ಇಳಿಯುತ್ತಾ ಹೋಗಿದ್ದವು. ಸೋಂಕು ತಗ್ಗುತ್ತಿದೆ ಎನ್ನಿಸುತ್ತಿತ್ತು. ಕೆಳಗಿನ ತಾರೀಖುಗಳನ್ನು ಓದಿದವರಿಗೆ ಗೊತ್ತಾಯಿತು, ಮೇ ತಿಂಗಳ ದಿನಗಳ ನಡುವೆ ಏಪ್ರಿಲ್ ದಿನಗಳು ನುಗ್ಗಿದ್ದವು. ದಿನಗಳನ್ನು ಕ್ಯಾಲೆಂಡರ್ ಪ್ರಕಾರವಲ್ಲ, ಪ್ರಕರಣಗಳು ಹೆಚ್ಚಿದ್ದದ್ದು ಮೊದಲು ಬರುವಂತೆ ಜೋಡಿಸಲಾಗಿತ್ತು. ಟೀಕೆ ಬಂದ ಮೇಲೆ ರಾಜ್ಯಪಾಲರ ಕಚೇರಿಯ ಕಡೆಯಿಂದ ಕ್ಷಮೆ ಕೇಳಿ ಚಿತ್ರವನ್ನು ತಿದ್ದಿದರು. ಆ ಚಿತ್ರದ ಒಂದೊಂದು ಕಂಬದ ಎತ್ತರವನ್ನೂ ಅಕ್ಷದಲ್ಲಿ ಓದಬಹುದಿತ್ತು, ಒಂದೊಂದರ ಕೆಳಗೂ ತಾರೀಖು ಇತ್ತು. ಸುಳ್ಳು ಇದ್ದದ್ದು ಅವುಗಳನ್ನು ನಿಲ್ಲಿಸಿದ ಸಾಲಿನಲ್ಲಿ.