ಐದು ಪ್ರಶ್ನೆ ಕೇಳಿದರೆ ಬಂದದ್ದು ಒಂದೇ ‘ಎಸ್’

ಹೃದಯದ ಕವಾಟ ಬದಲಿಸಿಕೊಂಡು ಹೊರರಾಜ್ಯದ ಆಸ್ಪತ್ರೆಯಿಂದ ಊರಿಗೆ ಮರಳಿದವರ ಮನೆಯಿಂದ ವೈದ್ಯರಿಗೆ ಹೋಗುವ ವಾಟ್ಸ್ಆ್ಯಪ್ ಸಂದೇಶಗಳು ಹೆಚ್ಚುಕಡಿಮೆ ಒಂದೇ ರೀತಿ ಇರುತ್ತವೆ. ಮಾದರಿಗೆ ನಾನೇ ಬರೆದ ಒಂದನ್ನು ನೋಡಿ:

“ನಮಸ್ತೆ ಡಾಕ್ಟ್ರೇ, ಅಮ್ಮಂಗೆ ಆಪರೇಷನ್ ಆಗಿ ನಾಲ್ಕು ತಿಂಗಳಾಯ್ತು ಇಲ್ಲಿ ಲ್ಯಾಬಲ್ಲಿ ಐಎನ್‌ಆರ್ 1.8 ಬಂದಿದೆ ಮಾತ್ರೆ ಅಷ್ಟೇ ಇರಲಾ ಜಾಸ್ತಿ ಮಾಡ್ಬೇಕಾ, ಸೊಪ್ಪು ತಿನ್ಬಾರ್ದು ಅಂತಾರೆ ಅಮ್ಮ ಸೊಪ್ಪಿನ ಸಾರಿಲ್ದೆ ಊಟಾನೇ ಮಾಡಲ್ಲ, ಮಂಗಳವಾರ ರಾತ್ರಿ ಮಾತ್ರೆ ಮರೆತಿದ್ರು ಬುಧವಾರ ಎರಡು ತಗೊಂಡ್ರು ಅದಕ್ಕೇ ಹಿಂಗಾಯ್ತಾ ಏನಾದ್ರೂ ತೊಂದ್ರೆನಾ, ಹಲ್ಲು ಕೀಳಿಸ್ಬೇಕು ಅಂದಿದಾರೆ ಮಾತ್ರೆ ನಿಲ್ಸೋದು ಬೇಡ್ವಾ, ಮುಂದಿನ ತಿಂಗಳು ಅಮ್ಮನ್ನ ಕರ್ಕೊಂಡೇ ಬರ್ಬೇಕಾ ರಿಪೋರ್ಟ್ ಕಳಿಸಿದ್ರೆ ಸಾಕಾ.”

ಲೋಹದ ಕವಾಟ ಹಾಕಿದವರಿಗೆ ಅದರ ಮೇಲೆ ರಕ್ತ ಹೆಪ್ಪುಗಟ್ಟದಂತೆ ಜೀವನಪೂರ್ತಿ ಮಾತ್ರೆ ಕೊಡುತ್ತಾರೆ. ನಮ್ಮಲ್ಲಿ ಅದು ಸಾಮಾನ್ಯವಾಗಿ ಅಸೆನೊಕೂಮರಾಲ್ ಅಥವಾ ವಾರ್ಫರಿನ್. ಮಾತ್ರೆ ಎಷ್ಟು ಕೆಲಸ ಮಾಡುತ್ತಿದೆ ಎಂಬುದನ್ನು ಹೇಳುವ ಅಂಕಿಯೇ ಐಎನ್‌ಆರ್. ಈ ಮಾತ್ರೆ ನುಂಗದವರಲ್ಲಿ ಅದು 1ರ ಆಸುಪಾಸು ಇರುತ್ತದೆ. ಮೈಟ್ರಲ್ ಜಾಗದಲ್ಲಿ ಲೋಹದ ಕವಾಟ ಇದ್ದವರಿಗೆ ವೈದ್ಯರು ಸಾಮಾನ್ಯವಾಗಿ 2.5ರಿಂದ 3.5 ಬಯಸುತ್ತಾರೆ. ಇಳಿದರೆ ಹೆಪ್ಪುಗಟ್ಟುವ ಭಯ, ಏರಿದರೆ ರಕ್ತಸ್ರಾವದ ಭಯ. ಹಾಗಾಗಿ ಇಂಥ ಸಂದೇಶಕ್ಕೆ ಬರುವ ಉತ್ತರ ಯಾವ ಪ್ರಶ್ನೆಗೆ ಸೇರಿದ್ದು ಎಂಬ ಗೊಂದಲ ಉಳಿಯಲೇಬಾರದು.

ಸಂದೇಶವನ್ನು ಬಂದ ಹಾಗೇ ಒಂದೇ ಉಸಿರಿನಲ್ಲಿ ಇಂಗ್ಲಿಷಿಗೆ ಮಾಡಿ ಕಳಿಸಿದರೆ, ಓಪಿಡಿ ನಡುವೆ ಫೋನ್ ನೋಡುವ ವೈದ್ಯರಿಂದ ‘ಎಸ್, ಕಂಟಿನ್ಯೂ’ ಎಂದಷ್ಟೇ ಬರಬಹುದು. ಎಸ್ ಅಂದದ್ದು ಡೋಸ್ ಹೆಚ್ಚಿಸುವುದಕ್ಕೋ, ಸೊಪ್ಪಿಗೋ, ರಿಪೋರ್ಟ್ ಕಳಿಸಿದರೆ ಸಾಕು ಎಂಬುದಕ್ಕೋ? ಮಗ ತನಗೆ ಬೇಕಾದ ಅರ್ಥ ಮಾಡಿಕೊಳ್ಳುತ್ತಾನೆ. ಅಮ್ಮ ಬೇರೊಂದು ಮಾಡಿಕೊಳ್ಳುತ್ತಾರೆ.

ಅನುವಾದಕ ಮೊದಲು ಮಾಡಬೇಕಾದದ್ದು ಪ್ರಶ್ನೆಗಳನ್ನು ಎಣಿಸುವುದು. ‘ಇರಲಾ’, ‘ಸಾಕಾ’, ‘ಬೇಡ್ವಾ’ ಎಂದು ಮಾತಿನ ಕೊನೆಯ ಎಳೆತ ನಮ್ಮಲ್ಲಿ ಪ್ರಶ್ನೆಯನ್ನು ತೋರಿಸುತ್ತದೆ, ಚಿಹ್ನೆ ಹಾಕದಿದ್ದರೂ ಕಿವಿಗೆ ಸಿಗುತ್ತದೆ. ತಪ್ಪಿಹೋಗುವುದು ಎಳೆತವೇ ಇಲ್ಲದ ಪ್ರಶ್ನೆ. ಸೊಪ್ಪಿನ ಮಾತನ್ನು ಮತ್ತೆ ಓದಿ: ಮಗ ಏನನ್ನೂ ಕೇಳಿಲ್ಲ, ಕಷ್ಟ ಹೇಳಿಕೊಂಡಿದ್ದಾನೆ ಅಷ್ಟೆ. ಕನ್ನಡ ಬಲ್ಲವರಿಗೆ ಅದು ‘ತಿನ್ನಬಹುದಾ’ ಎಂದೇ ಕೇಳಿಸುತ್ತದೆ. ಇಂಗ್ಲಿಷಿನಲ್ಲಿ ಹೇಳಿಕೆಯಾಗಿಯೇ ಹೋದರೆ ಓದಿದವರು ಪಾಪ ಅಂದುಕೊಂಡು ಮುಂದೆ ಹೋಗುತ್ತಾರೆ. ಇದನ್ನು ಪ್ರಶ್ನೆಯಾಗಿ ಬರೆಯಬೇಕು, ಬರೆಯುವ ಮೊದಲು ಮಗನನ್ನು ಒಂದು ಮಾತು ಕೇಳಬೇಕು. ಅವನು ಕೇಳದ ಪ್ರಶ್ನೆಯನ್ನು ಅವನ ಹೆಸರಲ್ಲಿ ಸೇರಿಸುವ ಅಧಿಕಾರ ನಮಗಿಲ್ಲ.

ಇನ್ನೊಂದು ತೊಡಕು ‘ನಿಲ್ಸೋದು ಬೇಡ್ವಾ’. ಇದಕ್ಕೆ ಕನ್ನಡದಲ್ಲಿ ‘ಹೌದು’ ಅಂದರೆ ನಿಲ್ಲಿಸುವುದು ಬೇಡ ಎಂಬುದಕ್ಕೆ ಒಪ್ಪಿದ ಹಾಗೆ. ಇದೇ ರೂಪದ ಇಂಗ್ಲಿಷ್ ಪ್ರಶ್ನೆಗೆ ಎಸ್ ಅಂದರೆ ನಿಲ್ಲಿಸಬೇಕು ಎಂದಾಗುತ್ತದೆ. ಲೋಹದ ಕವಾಟದವರು ಈ ಮಾತ್ರೆಯನ್ನು ತಾವಾಗಿ ನಿಲ್ಲಿಸುವುದು ಅಪಾಯ, ಆದ್ದರಿಂದ ಇಲ್ಲಿ ಮೂಲದ ರೂಪಕ್ಕೆ ಅಂಟಿಕೊಳ್ಳುವುದು ನಿಷ್ಠೆಯಲ್ಲ. ‘ಹಲ್ಲು ಕೀಳುವ ಮೊದಲು ಮಾತ್ರೆ ನಿಲ್ಲಿಸಬೇಕೇ?’ ಎಂದು ನೇರವಾಗಿ ತಿರುಗಿಸಿದರೆ ಎಸ್‌ಗೂ ನೋಗೂ ಒಂದೊಂದೇ ಅರ್ಥ ಉಳಿಯುತ್ತದೆ.

ಇಷ್ಟನ್ನು ತಿಳಿದವರೂ ಎಡವುವ ಜಾಗ ಮುಂದಿದೆ. ಐಎನ್‌ಆರ್ ಮತ್ತು ಡೋಸ್ ಒಂದು ಪ್ರಶ್ನೆ, ಮರೆತ ಮಾತ್ರೆ ಇನ್ನೊಂದು ಎಂದು ಅಚ್ಚುಕಟ್ಟಾಗಿ ಕತ್ತರಿಸಿದೆವು ಎನ್ನಿ. ವೈದ್ಯರು ಮೊದಲನೆಯದನ್ನು ಓದುತ್ತಾರೆ: 1.8, ಕಡಿಮೆ ಇದೆ, ಡೋಸ್ ಹೆಚ್ಚಿಸಿ. ಮಂಗಳವಾರದ ಮಾತ್ರೆ ತಪ್ಪಿದ್ದು ಅವರ ಕಣ್ಣಿಗೆ ಬೀಳುವುದು ಮೂರನೆಯ ಸಂಖ್ಯೆಗೆ ಬಂದಾಗ, ಬಂದರೆ. ಅಸೆನೊಕೂಮರಾಲ್‌ನ ಪರಿಣಾಮ ಬೇಗ ಇಳಿಯುತ್ತದೆ, ಒಂದು ಹೊತ್ತು ತಪ್ಪಿದ್ದು ಒಂದೆರಡು ದಿನದಲ್ಲೇ ಐಎನ್‌ಆರ್‌ನಲ್ಲಿ ಕಾಣಬಹುದು. ಆಗ ಕಡಿಮೆ ಬಂದದ್ದು ಡೋಸ್ ಸಾಲದೆಯೋ, ಮಾತ್ರೆ ತಪ್ಪಿಯೋ ಎಂದು ವೈದ್ಯರು ಯೋಚಿಸಲೇಬೇಕು. ಆ ಎರಡು ಸಂಗತಿಗಳನ್ನು ದೂರ ಮಾಡಿದವರು ನಾವೇ ಆಗುತ್ತೇವೆ.

ಅದಕ್ಕೆ ಪ್ರಶ್ನೆಗಳನ್ನು ಬಿಡಿಸಬೇಕು, ಸಂಗತಿಗಳನ್ನು ಬಿಡಿಸಬಾರದು. ಸಂಗತಿಗಳೆಲ್ಲ ಮೇಲೆ ಒಂದೇ ಕಡೆ, ಪ್ರಶ್ನೆಗಳು ಕೆಳಗೆ. ಹೀಗೆ ಜೋಡಿಸುವಾಗ ಒಂದು ಕೊರತೆಯೂ ಕಾಣುತ್ತದೆ: ರಕ್ತ ಕೊಟ್ಟದ್ದು ಯಾವ ದಿನ? ಮಗನನ್ನು ಕೇಳಿದಾಗ ಗುರುವಾರ ಬೆಳಿಗ್ಗೆ ಎಂದು ಹೇಳಿದ ಎಂದಿಟ್ಟುಕೊಳ್ಳೋಣ. ಇಂಗ್ಲಿಷಿಗೆ ಹೋಗುವ ಸಂದೇಶದ ಹೂರಣ ಇಷ್ಟು:

ಕವಾಟದ ಶಸ್ತ್ರಚಿಕಿತ್ಸೆಯಾಗಿ ನಾಲ್ಕು ತಿಂಗಳು. ಮಂಗಳವಾರ ರಾತ್ರಿ ಮಾತ್ರೆ ತಪ್ಪಿದೆ, ಬುಧವಾರ ಎರಡು ತೆಗೆದುಕೊಂಡಿದ್ದಾರೆ. ಗುರುವಾರ ಬೆಳಿಗ್ಗೆ ಐಎನ್‌ಆರ್ 1.8.
1. ಈಗಿನ ಡೋಸ್ ಮುಂದುವರಿಸುವುದೋ, ಹೆಚ್ಚಿಸುವುದೋ?
2. ದಿನವೂ ಸೊಪ್ಪು ತಿನ್ನಬಹುದೇ?
3ಎ. ಐಎನ್‌ಆರ್ ಕಡಿಮೆಯಾದದ್ದು ಮಾತ್ರೆ ತಪ್ಪಿದ್ದರಿಂದಲೇ?
3ಬಿ. ಎರಡು ತೆಗೆದುಕೊಂಡದ್ದರಿಂದ ತೊಂದರೆ ಇದೆಯೇ?
4. ಹಲ್ಲು ಕೀಳುವ ಮೊದಲು ಮಾತ್ರೆ ನಿಲ್ಲಿಸಬೇಕೇ?
5. ಮುಂದಿನ ತಿಂಗಳು ಅಮ್ಮ ಬರಬೇಕೇ, ರಿಪೋರ್ಟ್ ಸಾಕೇ?

ಸಂಖ್ಯೆ ಹಾಕಿದರೆ ವೈದ್ಯರೂ ಸಂಖ್ಯೆ ಹಾಕಿಯೇ ಉತ್ತರಿಸುವುದು ಹೆಚ್ಚು. ಅವರಿಗೂ ಅದು ಸುಲಭ. ಆದರೆ ಸಂದೇಶದಲ್ಲಿ ಒಸಡಿನಿಂದ ನಿಲ್ಲದ ರಕ್ತ, ಕಪ್ಪು ಮಲ, ಒಂದು ಕೈಯಲ್ಲಿ ಶಕ್ತಿ ಇಲ್ಲ ಎಂಬಂಥ ಮಾತಿದ್ದರೆ ಸಂಖ್ಯೆ ಹಾಕುತ್ತ ಕೂರುವ ಹೊತ್ತಲ್ಲ ಅದು. ಕೂಡಲೇ ಹತ್ತಿರದ ಆಸ್ಪತ್ರೆಗೆ ಕರೆದೊಯ್ಯಲು ಮಗನಿಗೆ ಹೇಳಬೇಕು.

ಉತ್ತರ ಬಂತು ಎನ್ನಿ: ‘1, ಅದೇ ಡೋಸ್, ಒಂದು ವಾರದಲ್ಲಿ ಮತ್ತೆ ಐಎನ್‌ಆರ್. 2, ಎಸ್, ಒಂದೇ ಪ್ರಮಾಣ. 3, ಇರಬಹುದು, ಡಬಲ್ ಬೇಡ. 4, ನೋ, ದಂತವೈದ್ಯರಿಗೆ ತಿಳಿಸಿ.’ (ಮಾದರಿ ಉತ್ತರ, ಯಾರೂ ಇದನ್ನು ನೋಡಿ ಮಾತ್ರೆ ನುಂಗಬೇಡಿ.) ಇದನ್ನು ಕನ್ನಡಕ್ಕೆ ತರುವಾಗ ‘ಹೌದು’, ‘ಇಲ್ಲ’ಗಳನ್ನು ಒಂಟಿಯಾಗಿ ಬಿಡಬಾರದು. ಸಂದೇಶ ಮಗನ ಫೋನಿಂದ ಅಮ್ಮನಿಗೆ, ಅಮ್ಮನಿಂದ ಪಕ್ಕದ ಮನೆಗೆ ದಾಟುವಾಗ ಪ್ರಶ್ನೆ ಕಳಚಿಕೊಂಡು ಉತ್ತರ ಮಾತ್ರ ಉಳಿಯುತ್ತದೆ. ಆದ್ದರಿಂದ ‘ದಿನವೂ ಸೊಪ್ಪು ತಿನ್ನಬಹುದು, ಆದರೆ ಪ್ರತಿದಿನ ಸುಮಾರು ಒಂದೇ ಪ್ರಮಾಣದಲ್ಲಿರಲಿ’, ‘ಹಲ್ಲು ಕೀಳಿಸಲು ಮಾತ್ರೆ ನಿಲ್ಲಿಸಬೇಡಿ, ಈ ಮಾತ್ರೆ ತೆಗೆದುಕೊಳ್ಳುತ್ತಿರುವುದನ್ನು ದಂತವೈದ್ಯರಿಗೆ ಹೇಳಿ’ ಎಂದು ಪೂರ್ತಿ ವಾಕ್ಯ ಬೇಕು. ಸೊಪ್ಪಿನ ಉತ್ತರದಲ್ಲಿ ‘ಒಂದೇ ಪ್ರಮಾಣ’ ಬಿಟ್ಟುಹೋದರೆ ಉತ್ತರವೇ ಕೆಡುತ್ತದೆ: ಸೊಪ್ಪಿನಲ್ಲಿರುವ ವಿಟಮಿನ್ ಕೆ ಈ ಮಾತ್ರೆಯ ಎದುರು ಕೆಲಸ ಮಾಡುತ್ತದೆ, ಒಂದು ವಾರ ಬಿಟ್ಟು ಮರುವಾರ ರಾಶಿ ತಿಂದರೆ ಐಎನ್‌ಆರ್ ಏರಿಳಿಯುತ್ತದೆ. ‘ಇರಬಹುದು’ ಎಂಬುದನ್ನು ‘ಹೌದು’ ಎಂದು ಗಟ್ಟಿ ಮಾಡುವುದೂ ಸಲ್ಲದು. ಅನುಮಾನ ವೈದ್ಯರದ್ದು, ಅದು ಹಾಗೇ ದಾಟಬೇಕು.

ಈಗ ಸಂಖ್ಯೆಗಳನ್ನು ಹೊಂದಿಸಿ ನೋಡಿದರೆ ಎರಡು ಜಾಗ ಖಾಲಿ. 5ಕ್ಕೆ ಉತ್ತರವೇ ಇಲ್ಲ, ಅದು ಎದ್ದು ಕಾಣುತ್ತದೆ. 3ಬಿ ಹಾಗಲ್ಲ. ‘ಡಬಲ್ ಬೇಡ’ ಎಂಬುದು ಉತ್ತರದಂತೆ ಕಾಣುತ್ತದೆ, ಆದರೆ ಅದು ಮುಂದಕ್ಕೆ ಹೇಳಿದ ಮಾತು. ಆಗಲೇ ತೆಗೆದುಕೊಂಡದ್ದರಿಂದ ತೊಂದರೆ ಇದೆಯೇ ಎಂದು ಅದು ಹೇಳುವುದಿಲ್ಲ. ಏನೂ ಆಗಿರಲಿಕ್ಕಿಲ್ಲ ಎಂದು ಅನುವಾದಕನಿಗೆ ಅನಿಸಿದರೂ ಅದನ್ನು ಬರೆಯುವಂತಿಲ್ಲ. ಕನ್ನಡದ ಉತ್ತರದಲ್ಲಿ 3ಬಿ ಮತ್ತು 5ರ ಎದುರು ‘ವೈದ್ಯರಿಂದ ಉತ್ತರ ಬಂದಿಲ್ಲ, ಮತ್ತೆ ಕೇಳಿದ್ದೇವೆ’ ಎಂದು ಹಾಕಿ, ವೈದ್ಯರಿಗೆ ಆ ಎರಡೇ ಪ್ರಶ್ನೆಗಳನ್ನು ಹಳೆಯ ಸಂಖ್ಯೆಗಳೊಂದಿಗೇ ಇನ್ನೊಮ್ಮೆ ಕಳಿಸಬೇಕು.