ಪೆಟ್ರೋಲಿನ ಹಗುರ ಪಾಲು

ಒಂದು ಚಮಚ ಪೆಟ್ರೋಲನ್ನೂ ಒಂದು ಚಮಚ ಡೀಸೆಲನ್ನೂ ಸಿಮೆಂಟ್ ನೆಲದ ಮೇಲೆ ಪಕ್ಕಪಕ್ಕದಲ್ಲಿ ಸುರಿದರೆ ಪೆಟ್ರೋಲಿನ ಗುರುತು ಕೆಲವೇ ನಿಮಿಷಗಳಲ್ಲಿ ಮಾಸುತ್ತದೆ. ಡೀಸೆಲಿನ ಜಿಡ್ಡು ಮರುದಿನವೂ ಕಾಲಿಗೆ ಅಂಟುತ್ತದೆ. ಎರಡೂ ಒಂದೇ ಕಚ್ಚಾತೈಲದಿಂದ ಬಂದವು, ಎರಡೂ ಇಂಗಾಲ ಮತ್ತು ಜಲಜನಕ ಕೂಡಿದ ಹೈಡ್ರೋಕಾರ್ಬನ್ ಅಣುಗಳ ಮಿಶ್ರಣಗಳು. ಪೆಟ್ರೋಲಿನ ಕುದಿಬಿಂದು ಕಡಿಮೆ, ಆದ್ದರಿಂದ ಬೇಗ ಆರುತ್ತದೆ ಎಂಬುದು ಸಾಮಾನ್ಯವಾಗಿ ಸಿಗುವ ಉತ್ತರ. ಅದು ತಪ್ಪಲ್ಲ, ಆದರೆ ಪೂರ್ತಿಯೂ ಅಲ್ಲ. ಪೆಟ್ರೋಲಿಗೆ ಒಂದೇ ಕುದಿಬಿಂದು ಎಂಬುದಿಲ್ಲ. ಅದರ ಅತಿ ಹಗುರ ಅಂಶಗಳು 30-35 ಡಿಗ್ರಿ ಸೆಲ್ಸಿಯಸ್‌ನಲ್ಲೇ ಕುದಿಯತೊಡಗಿದರೆ, ಭಾರದ ಅಂಶಗಳು ಕುದಿಯಲು ಸುಮಾರು 200 ಡಿಗ್ರಿ ಬೇಕು. ಡೀಸೆಲ್ ಹೆಚ್ಚುಕಡಿಮೆ 180ರಿಂದ 360 ಡಿಗ್ರಿಯವರೆಗೆ ಹರಡಿಕೊಂಡಿದೆ. ಪೆಟ್ರೋಲಿನ ತುದಿ ಡೀಸೆಲಿನ ಆರಂಭದೊಳಗೆ ಚಾಚಿಕೊಂಡಿರುವಾಗ ಎರಡರ ವರ್ತನೆ ಇಷ್ಟು ಬೇರೆಯಾಗಲು ಕಾರಣ ಅವುಗಳ ಸರಾಸರಿಯಲ್ಲಿಲ್ಲ, ಅವುಗಳ ಹಗುರ ಪಾಲಿನಲ್ಲಿದೆ. ಇಂಧನವನ್ನು ಹೇಗೆ ಶೇಖರಿಸಬೇಕು, ಅದು ಕೊಳವೆಯಲ್ಲಿ ಯಾವಾಗ ಕೈಕೊಡುತ್ತದೆ ಎಂಬ ಎರಡು ಪ್ರಶ್ನೆಗಳಿಗೂ ಉತ್ತರ ಅಲ್ಲಿಂದಲೇ ಸಿಗುತ್ತದೆ.

ಆವಿಯಾಗಲು ದ್ರವ ಕುದಿಯಲೇಬೇಕಿಲ್ಲ. ಯಾವುದೇ ಉಷ್ಣತೆಯಲ್ಲೂ ದ್ರವದ ಅಣುಗಳೆಲ್ಲ ಒಂದೇ ವೇಗದಲ್ಲಿ ಚಲಿಸುವುದಿಲ್ಲ. ಹೆಚ್ಚು ಶಕ್ತಿಯುಳ್ಳ ಕೆಲವು ಅಣುಗಳು ನೆರೆಯ ಅಣುಗಳ ಸೆಳೆತ ಮೀರಿ ಮೇಲ್ಮೈಯಿಂದ ಹೊರಬೀಳುತ್ತವೆ. ಮುಚ್ಚಿದ ಪಾತ್ರೆಯಲ್ಲಿ ಹೀಗೆ ಹೊರಬಿದ್ದ ಅಣುಗಳು ಉಂಟುಮಾಡುವ ಒತ್ತಡಕ್ಕೆ ಆವಿ ಒತ್ತಡ ಎಂದು ಹೆಸರು. ಆವಿಶೀಲತೆಯನ್ನು ಅಳೆಯುವ ಮುಖ್ಯ ಕೋಲು ಅದೇ. ಐದು ಇಂಗಾಲದ ಪೆಂಟೇನ್ ಪೆಟ್ರೋಲಿನ ಹಗುರ ಅಂಶಗಳಲ್ಲಿ ಒಂದು. 25 ಡಿಗ್ರಿಯಲ್ಲಿ ಅದರ ಆವಿ ಒತ್ತಡ ಸುಮಾರು 68 ಕಿಲೋಪಾಸ್ಕಲ್, ಅಂದರೆ ಸಮುದ್ರಮಟ್ಟದ ವಾಯುಒತ್ತಡದ ಮೂರನೇ ಎರಡರಷ್ಟು. ಎಂಟು ಇಂಗಾಲದ ಆಕ್ಟೇನ್‌ಗೆ ಅದು 2 ಕಿಲೋಪಾಸ್ಕಲ್‌ಗೂ ತುಸು ಕಡಿಮೆ. ಹತ್ತು ಇಂಗಾಲದ ಡೆಕೇನ್‌ಗೆ, ಅಂದರೆ ಡೀಸೆಲಿನ ಹಗುರ ತುದಿಗೆ, ಸುಮಾರು 0.2. ಇಂಗಾಲದ ಸಂಖ್ಯೆ ದುಪ್ಪಟ್ಟಾದರೆ ಆವಿ ಒತ್ತಡ ಅರ್ಧವಾಗುವುದಿಲ್ಲ, ಮುನ್ನೂರು ಪಟ್ಟಿಗೂ ಮಿಕ್ಕಿ ಕುಸಿಯುತ್ತದೆ. ಸರಪಳಿ ಉದ್ದವಾದಷ್ಟೂ ಅಣು ತನ್ನ ನೆರೆಯವನ್ನು ಹೆಚ್ಚು ಕಡೆ ಮುಟ್ಟುತ್ತದೆ, ಬಿಡಿಸಿಕೊಳ್ಳಲು ಹೆಚ್ಚು ಶಕ್ತಿ ಬೇಕಾಗುತ್ತದೆ. ಅಷ್ಟು ಶಕ್ತಿಯುಳ್ಳ ಅಣುಗಳ ಸಂಖ್ಯೆಯಾದರೋ ಬಲು ಬೇಗ ಇಳಿದುಬಿಡುತ್ತದೆ.

ಹಾಗಿದ್ದರೆ ಅಣುವಿನ ತೂಕವೇ ಎಲ್ಲವನ್ನೂ ನಿರ್ಧರಿಸುತ್ತದೆಯೇ? ಇಲ್ಲ, ನೀರೇ ಅದಕ್ಕೆ ಸಾಕ್ಷಿ. ನೀರಿನ ಅಣುವಿನ ತೂಕ 18, ಪೆಂಟೇನ್‌ನದು 72. ತೂಕವೊಂದೇ ಕಾರಣವಾಗಿದ್ದರೆ ನೀರು ಪೆಟ್ರೋಲಿಗಿಂತ ಬೇಗ ಆರಬೇಕಿತ್ತು. ಆದರೆ ನೀರಿನ ಅಣುಗಳನ್ನು ಜಲಜನಕ ಬಂಧಗಳು ಬಿಗಿಯಾಗಿ ಹಿಡಿದಿವೆ. ಹೈಡ್ರೋಕಾರ್ಬನ್ ಅಣುಗಳ ನಡುವೆ ಅಂಥ ಬಂಧವಿಲ್ಲ, ಇರುವುದು ದುರ್ಬಲ ಸೆಳೆತ ಮಾತ್ರ. ನಿರ್ಣಾಯಕವಾದದ್ದು ತೂಕವಲ್ಲ, ಹಿಡಿತ. ಹೈಡ್ರೋಕಾರ್ಬನ್ ಕುಟುಂಬದೊಳಗೆ ತೂಕವೂ ಹಿಡಿತವೂ ಜೊತೆಜೊತೆಯಾಗಿ ಏರುವುದರಿಂದ ಮಾತ್ರ ನಾವು ‘ಹಗುರ’, ‘ಭಾರ’ ಎಂಬ ಮಾತುಗಳನ್ನು ನೆಚ್ಚಬಹುದು.

ಈಗ ಶೇಖರಣೆಯ ವಿಷಯಕ್ಕೆ ಬರೋಣ. ಬಂಕಿನ ನೆಲದಡಿಯ ಟ್ಯಾಂಕಿನಲ್ಲಿ ಪೆಟ್ರೋಲಿನ ಮೇಲೆ 10,000 ಲೀಟರಿನಷ್ಟು ಖಾಲಿ ಜಾಗವಿದೆ ಎಂದುಕೊಳ್ಳೋಣ. ಒಳಗಿನ ಉಷ್ಣತೆ 30 ಡಿಗ್ರಿ. ಪರೀಕ್ಷೆಗೆ ಬಳಸುವ 38 ಡಿಗ್ರಿಯಲ್ಲಿ 60 ಕಿಲೋಪಾಸ್ಕಲ್ ಆವಿ ಒತ್ತಡವುಳ್ಳ ಪೆಟ್ರೋಲು 30 ಡಿಗ್ರಿಯಲ್ಲಿ ಸುಮಾರು 44 ಕಿಲೋಪಾಸ್ಕಲ್ ತೋರುತ್ತದೆ. ಅಂದರೆ ಆ ಜಾಗ ಆವಿಯಿಂದ ಪೂರ್ತಿ ಸಂತೃಪ್ತವಾಗಿದ್ದರೆ ಅದರ ಹತ್ತರಲ್ಲಿ ನಾಲ್ಕು ಪಾಲಿಗೂ ಹೆಚ್ಚು ಪೆಟ್ರೋಲ್ ಆವಿಯೇ. ಲೆಕ್ಕ ಹಾಕಿದರೆ ಅದು 11 ಕಿಲೋಗ್ರಾಂ ಮೀರುತ್ತದೆ. ದ್ರವವಾಗಿದ್ದಾಗ 15ರಿಂದ 20 ಲೀಟರ್. ಟ್ಯಾಂಕರ್ ಬಂದು 10,000 ಲೀಟರ್ ಸುರಿದಾಗ ಆ ಆವಿ ಹೊರಹೋಗಲೇಬೇಕು. ಅದನ್ನು ಮತ್ತೊಂದು ಕೊಳವೆಯ ಮೂಲಕ ಟ್ಯಾಂಕರಿಗೇ ಹಿಂದಿರುಗಿಸಿದರೆ ಉಳಿಯುತ್ತದೆ. ಇಲ್ಲವಾದರೆ ಗಾಳಿಗೆ ಹೋಗುತ್ತದೆ. ಅದೇ ಜಾಗ ಡೀಸೆಲಿನದಾಗಿದ್ದರೆ ಹೊರಹೋಗುವ ಆವಿ 100 ಗ್ರಾಂ ಕೂಡ ಮುಟ್ಟುವುದಿಲ್ಲ. ಸಂಸ್ಕರಣಾಗಾರಗಳಲ್ಲಿ ಪೆಟ್ರೋಲಿನ ದೊಡ್ಡ ಟ್ಯಾಂಕುಗಳಿಗೆ ದ್ರವದ ಮೇಲೆಯೇ ತೇಲುವ ಛಾವಣಿ ಇರುವುದೂ ಇದಕ್ಕಾಗಿ: ಆವಿ ತುಂಬಿಕೊಳ್ಳಲು ಖಾಲಿ ಜಾಗವೇ ಉಳಿಯಬಾರದು. ಡೀಸೆಲಿಗೆ ಸಾಮಾನ್ಯವಾಗಿ ಸ್ಥಿರ ಛಾವಣಿಯೇ ಸಾಕು.

ನಷ್ಟ ಬರೀ ಪ್ರಮಾಣದ್ದಲ್ಲ, ಗುಣದ್ದು ಕೂಡ. ಮೊದಲು ಹೊರಡುವುದು ಹಗುರ ಪಾಲು. ಮುಚ್ಚಳ ಸರಿಯಾಗಿಲ್ಲದ ಕ್ಯಾನಿನಲ್ಲಿ ತಿಂಗಳುಗಟ್ಟಲೆ ಇಟ್ಟ ಪೆಟ್ರೋಲು ಅಳತೆಯಲ್ಲಿ ಸ್ವಲ್ಪವೇ ಕಡಿಮೆಯಾಗಿರಬಹುದು, ಆದರೆ ಅದನ್ನು ತುಂಬಿದ ಎಂಜಿನ್ ತಣ್ಣಗಿದ್ದಾಗ ಹೊತ್ತಿಕೊಳ್ಳಲು ಸತಾಯಿಸುತ್ತದೆ. ಕಿಡಿ ಹಾರುವ ಕ್ಷಣಕ್ಕೆ ಸಿಲಿಂಡರಿನೊಳಗೆ ಸಾಕಷ್ಟು ಆವಿ ಸಿದ್ಧವಾಗಿರಬೇಕು; ಎಂಜಿನ್ ತಣ್ಣಗಿರುವಾಗ ಆ ಆವಿಯನ್ನು ಕೊಡಬಲ್ಲದ್ದು ಹಗುರ ಪಾಲೊಂದೇ. ಇಷ್ಟು ತೊಂದರೆ ಕೊಡುವ ಹಗುರ ಅಂಶವನ್ನು ಮೊದಲೇ ತೆಗೆದುಬಿಡಬಾರದೇಕೆ ಎಂದು ಕೇಳುವವರಿಗೆ ಇದೇ ಉತ್ತರ. ಡೀಸೆಲ್ ಎಂಜಿನ್ನಿಗೆ ಈ ಹಂಗಿಲ್ಲ. ಅಲ್ಲಿ ಒತ್ತಿ ಕಾಯಿಸಿದ ಗಾಳಿಯೊಳಗೆ ಇಂಧನವನ್ನು ಸಿಂಪಡಿಸುವುದರಿಂದ ಆ ಗಾಳಿಯ ಶಾಖವೇ ಹನಿಗಳನ್ನು ಆವಿಯಾಗಿಸಿ ಹೊತ್ತಿಸುತ್ತದೆ.

ಬೆಂಕಿಯ ಅಪಾಯವನ್ನು ಅಳೆಯುವುದೂ ಇದೇ ಹಗುರ ಪಾಲು. ಪೆಟ್ರೋಲ್ ಆವಿ ಗಾಳಿಯಲ್ಲಿ ಹೆಚ್ಚುಕಡಿಮೆ ಶೇ. 1.4ರಿಂದ 7.6ರಷ್ಟು ಬೆರೆತಿದ್ದಾಗ ಮಾತ್ರ ಹೊತ್ತಿಕೊಳ್ಳುತ್ತದೆ. ಮುಚ್ಚಿದ ಟ್ಯಾಂಕಿನೊಳಗೆ ಆವಿ ಶೇ. 40 ದಾಟಿರುವಾಗ ಅಲ್ಲಿ ಉರಿಯಲು ಬೇಕಾದಷ್ಟು ಗಾಳಿಯೇ ಇರುವುದಿಲ್ಲ. ಅಪಾಯ ಇರುವುದು ಬಾಯಿಯ ಬಳಿ, ನೆಲದ ಮೇಲೆ ಮತ್ತು ಖಾಲಿ ಮಾಡಿ ತೆರೆದಿಟ್ಟ ಕ್ಯಾನಿನಲ್ಲಿ; ಆವಿ ಗಾಳಿಯೊಡನೆ ಬೆರೆತು ಉರಿಯುವ ಮಿತಿಯೊಳಗೆ ಬರುವುದು ಅಲ್ಲೇ. ಈ ಆವಿ ಗಾಳಿಗಿಂತ ಎರಡು ಪಟ್ಟಿಗೂ ಹೆಚ್ಚು ಭಾರವಾದ್ದರಿಂದ ನೆಲ ಹಿಡಿದು ಹರಿದು ಚರಂಡಿ, ತಗ್ಗುಗಳಲ್ಲಿ ನಿಲ್ಲುತ್ತದೆ. ಭಾರತದ 1934ರ ಪೆಟ್ರೋಲಿಯಂ ಕಾಯ್ದೆ, ಕಿಡಿ ತಾಗಿದರೆ ಆವಿ ಹೊತ್ತಿಕೊಳ್ಳುವ ಕನಿಷ್ಠ ಉಷ್ಣತೆಯಾದ ಫ್ಲಾಶ್ ಪಾಯಿಂಟನ್ನೇ ಆಧಾರವಾಗಿಟ್ಟುಕೊಂಡು ಪೆಟ್ರೋಲನ್ನು ‘ಎ’ ವರ್ಗಕ್ಕೂ ಡೀಸೆಲನ್ನು ‘ಬಿ’ ವರ್ಗಕ್ಕೂ ಸೇರಿಸಿದೆ. ಮಾರಾಟಕ್ಕಲ್ಲದೆ ಪರವಾನಗಿಯಿಲ್ಲದೆ ಇಟ್ಟುಕೊಳ್ಳಬಹುದಾದ ‘ಎ’ ವರ್ಗದ ಮಿತಿ 30 ಲೀಟರ್. ‘ಬಿ’ ವರ್ಗಕ್ಕೆ 2,500 ಲೀಟರ್, ಯಾವ ಪಾತ್ರೆಯೂ 1,000 ಲೀಟರ್ ಮೀರದಿದ್ದರೆ. ಹಾಗೆಂದು ಡೀಸೆಲ್ ನಿರಪಾಯಕಾರಿಯಲ್ಲ. ಅದಕ್ಕೆ ನಮ್ಮಲ್ಲಿ ವಿಧಿಸಿರುವ ಕನಿಷ್ಠ ಫ್ಲಾಶ್ ಪಾಯಿಂಟ್ 35 ಡಿಗ್ರಿ; ರಾಯಚೂರು, ಕಲಬುರಗಿಗಳ ಬೇಸಿಗೆ 40 ಡಿಗ್ರಿ ದಾಟುತ್ತದೆ. ಅದಕ್ಕೂ ಮಿಗಿಲಾಗಿ, ಡೀಸೆಲಿಗೆ ಸ್ವಲ್ಪವೇ ಪೆಟ್ರೋಲ್ ಬೆರೆತರೂ ಫ್ಲಾಶ್ ಪಾಯಿಂಟ್ ಥಟ್ಟನೆ ಕುಸಿಯುತ್ತದೆ. ಸರಾಸರಿ ಬಹುತೇಕ ಬದಲಾಗದೆ ಅಪಾಯ ಮಾತ್ರ ಬದಲಾಗುವುದು ಹಗುರ ಪಾಲಿನ ವಾದಕ್ಕೆ ಬಲವಾದ ಪುರಾವೆ.

ವೇಪರ್ ಲಾಕ್ ಇದೇ ಗುಣದ ಇನ್ನೊಂದು ಮುಖ. ಅಂಬಾಸಿಡರ್‌ನಂಥ ಕಾರ್ಬ್ಯುರೇಟರ್ ಕಾರುಗಳಲ್ಲಿ ಪೆಟ್ರೋಲ್ ಪಂಪು ಎಂಜಿನ್ನಿಗೇ ಅಂಟಿಕೊಂಡಿದ್ದು, ಹಿಂಬದಿಯ ಟ್ಯಾಂಕಿನಿಂದ ಇಂಧನವನ್ನು ಹೀರುತ್ತಿತ್ತು. ದ್ರವದ ಆವಿ ಒತ್ತಡ ಸುತ್ತಲಿನ ಒತ್ತಡಕ್ಕೆ ಸಮವಾದಲ್ಲಿ ಕುದಿತ ಶುರು. ಮೇಲೆ ಹೇಳಿದ ಪೆಟ್ರೋಲು ಸಮುದ್ರಮಟ್ಟದಲ್ಲಿ ಸುಮಾರು 52 ಡಿಗ್ರಿಯಲ್ಲಿ ಗುಳ್ಳೆ ಬಿಡತೊಡಗುತ್ತದೆ. ಅಂಥ ಕಾರು ಏಪ್ರಿಲ್ ಮಧ್ಯಾಹ್ನ ಆಗುಂಬೆ ಘಾಟಿ ಹತ್ತಿ ಸುಮಾರು 650 ಮೀಟರ್ ಎತ್ತರಕ್ಕೆ ಬಂದಾಗ ವಾಯುಒತ್ತಡ 101ರಿಂದ 94 ಕಿಲೋಪಾಸ್ಕಲ್‌ಗೆ ಇಳಿದಿರುತ್ತದೆ. ಎತ್ತರದಿಂದಲೇ ಗಾಡಿ ನಿಂತಿತು ಎಂದು ಹಲವರು ಹೇಳುವುದುಂಟು. ಆದರೆ ಈ ಇಳಿಕೆ ಕುದಿತದ ಉಷ್ಣತೆಯನ್ನು ತಗ್ಗಿಸುವುದು ಬರೀ 2 ಡಿಗ್ರಿಯಷ್ಟು. ಪಂಪಿನ ಹೀರುವಿಕೆ ಇನ್ನೊಂದು 10 ಕಿಲೋಪಾಸ್ಕಲ್ ಕಳೆದರೆ ಅದು 47ಕ್ಕೆ ಬರುತ್ತದೆ. ನಿಜವಾದ ಕಾರಣ ಶಾಖ. ಕೆಳ ಗೇರಿನಲ್ಲಿ ಎಂಜಿನ್ ಪೂರ್ತಿ ಭಾರ ಹೊತ್ತು ದುಡಿಯುವಾಗ, ಕಾರಿನ ವೇಗ ಕಡಿಮೆಯಾಗಿ ಗಾಳಿ ಬೀಸದಿರುವಾಗ, ಬಾನೆಟ್ಟಿನಡಿಯ ಪಂಪು ಆ ಮಿತಿಯನ್ನು ಸುಲಭವಾಗಿ ದಾಟುತ್ತದೆ. ಆಗ ಪಂಪಿನ ಡಯಾಫ್ರಂ ದ್ರವದ ಬದಲು ಆವಿಯನ್ನು ಹಿಂಡಿ ಹಿಗ್ಗಿಸುತ್ತದೆಯೇ ಹೊರತು ಮುಂದಕ್ಕೆ ತಳ್ಳಲಾರದು. ಕಾರ್ಬ್ಯುರೇಟರ್ ಬರಿದಾಗಿ ಎಂಜಿನ್ ಮುಗ್ಗರಿಸಿ ನಿಲ್ಲುತ್ತದೆ. ಚಾಲಕರು ಪಂಪಿನ ಮೇಲೆ ಒದ್ದೆ ಬಟ್ಟೆ ಸುತ್ತುತ್ತಿದ್ದುದು ಸರಿಯಾದ ಚಿಕಿತ್ಸೆಯೇ: ತಣಿದ ಕೂಡಲೇ ಆವಿ ಮತ್ತೆ ದ್ರವವಾಗುತ್ತದೆ.

ಡೀಸೆಲ್ ಲಾರಿಗಳೂ ನಿಂತು, ಬ್ಲೀಡ್ ಮಾಡಿದ ಮೇಲೆಯೇ ಹೊರಡುವುದುಂಟಲ್ಲ ಎಂಬ ಆಕ್ಷೇಪ ಬರಬಹುದು. ಅದು ಏರ್ ಲಾಕ್. ಟ್ಯಾಂಕ್ ಬರಿದಾದಾಗಲೋ ಕೊಳವೆ ಸಡಿಲವಾದಾಗಲೋ ಒಳಹೊಕ್ಕ ಹೊರಗಿನ ಗಾಳಿ. ಎರಡನ್ನೂ ಗುರುತಿಸುವುದು ಕಷ್ಟವಲ್ಲ. ಅರ್ಧ ಗಂಟೆ ತಣಿಯಲು ಬಿಟ್ಟಾಗ ಯಾವ ರಿಪೇರಿಯೂ ಇಲ್ಲದೆ ಎಂಜಿನ್ ಹೊರಟರೆ ಅಡ್ಡ ನಿಂತದ್ದು ಇಂಧನದ ಆವಿ. ಎಷ್ಟು ತಣಿದರೂ ಹೋಗದಿದ್ದರೆ ಅದು ಗಾಳಿ, ಇಲ್ಲವೇ ಕಸ.

ಇಂದಿನ ಕಾರುಗಳಲ್ಲಿ ವಿದ್ಯುತ್ ಪಂಪು ಟ್ಯಾಂಕಿನೊಳಗೇ ಮುಳುಗಿದ್ದು ಇಂಧನವನ್ನು ಹೀರುವ ಬದಲು ತಳ್ಳುತ್ತದೆ. ಕೊಳವೆಯೊಳಗೆ ವಾತಾವರಣಕ್ಕಿಂತ 300 ಕಿಲೋಪಾಸ್ಕಲ್ ಹೆಚ್ಚಿನ ಒತ್ತಡವಿದ್ದರೆ ಅದೇ ಪೆಟ್ರೋಲು ಕುದಿಯಲು ಸುಮಾರು 100 ಡಿಗ್ರಿ ಬೇಕು. ಪೆಟ್ರೋಲು ಬದಲಾಗದೆ, ಒತ್ತಡ ಬದಲಾದ್ದರಿಂದಲೇ ರೋಗ ಅಪರೂಪವಾಯಿತು. ಆದರೂ ಇಂಧನದ ಕಡೆಯಿಂದಲೂ ಕಡಿವಾಣ ಬೇಕು. ಭಾರತೀಯ ಮಾನಕ ಬ್ಯೂರೊದ ಐಎಸ್ 2796 ಇದಕ್ಕಾಗಿ ವೇಪರ್ ಲಾಕ್ ಸೂಚ್ಯಂಕವೊಂದನ್ನು ಬಳಸುತ್ತದೆ. ಕಿಲೋಪಾಸ್ಕಲ್‌ನಲ್ಲಿರುವ ಆವಿ ಒತ್ತಡದ 10 ಪಟ್ಟಿಗೆ, 70 ಡಿಗ್ರಿಯೊಳಗೆ ಆವಿಯಾಗುವ ಶೇಕಡಾ ಪ್ರಮಾಣದ 7 ಪಟ್ಟನ್ನು ಕೂಡಿಸಿದರೆ ಆ ಸೂಚ್ಯಂಕ. ಎಥನಾಲ್ ಬೆರೆಸದ ಪೆಟ್ರೋಲಿಗೆ ಬೇಸಿಗೆಯಲ್ಲಿ 750, ಉಳಿದ ತಿಂಗಳುಗಳಲ್ಲಿ 950 ಮಿತಿ. ಆವಿ ಒತ್ತಡ 60 ಇದ್ದು ಶೇ. 20 ಆವಿಯಾದರೆ ಸೂಚ್ಯಂಕ 740, ಬೇಸಿಗೆಗೂ ಸಲ್ಲುತ್ತದೆ. ಒತ್ತಡ ಅಷ್ಟೇ ಇದ್ದು ಶೇ. 40 ಆವಿಯಾದರೆ 880. ಚಳಿಗಾಲಕ್ಕೆ ಸರಿ, ಬೇಸಿಗೆಗೆ ಸಲ್ಲದು. ಅದನ್ನು ಬೇಸಿಗೆಯಲ್ಲಿ ಮಾರಬೇಕಾದರೆ ಆವಿ ಒತ್ತಡವನ್ನು 47ಕ್ಕೆ ಇಳಿಸಬೇಕು, ಅಂದರೆ ಸಂಸ್ಕರಣಾಗಾರ ಬ್ಯೂಟೇನ್‌ನಂಥ ಅತಿ ಹಗುರ ಅಂಶವನ್ನು ಕಡಿಮೆ ಬೆರೆಸಬೇಕು. ಹಗುರ ಪಾಲು ಇಷ್ಟೇ ಇರಬೇಕೆಂಬ ಒಂದು ಸಂಖ್ಯೆ ವರ್ಷವಿಡೀ ಹೊಂದುವುದಿಲ್ಲ. ಚಳಿಯ ಬೆಳಿಗ್ಗೆ ಎಂಜಿನ್ ಹೊತ್ತಿಕೊಳ್ಳುವಷ್ಟು ಹೆಚ್ಚು, ಬೇಸಿಗೆಯ ಮಧ್ಯಾಹ್ನ ಕೊಳವೆಯಲ್ಲಿ ಕುದಿಯದಷ್ಟು ಕಡಿಮೆ ಎಂಬ ಎರಡು ಬೇಡಿಕೆಗಳ ನಡುವೆ ಋತುವಿಗೆ ತಕ್ಕಂತೆ ಅದನ್ನು ಹೊಂದಿಸಿಕೊಳ್ಳುತ್ತಲೇ ಇರಬೇಕು.